ಒಣ ಕೈ: ಅಮ್ಮಮ್ಮನ ವೈಕುಂಠದ ದಿನ ಆಡಿದ ಮಾತು

(ಅಮ್ಮಮ್ಮನ ವೈಕುಂಠ ಸಮಾರಾಧನೆಯ ದಿನ ಎಲೆ ಹಾಕುವ ಮೊದಲು ಅಂಗಳದ ಚಪ್ಪರದಲ್ಲಿ ನಿಂತು ಆಡಿದ ಮಾತು ಇದು. ಬರಲು ಆಗದ ನೆಂಟರು ಕಳಿಸು ಅಂದರು. ಕಾಗದದಲ್ಲಿ ಇದ್ದದ್ದು, ಬಾಯಲ್ಲಿ ಬಂದದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ. ಎಲ್ಲಿ ತಡವರಿಸಿದೆ ಅನ್ನೋದನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿ ನಿಂತು ಮಾತಾಡಬೇಕಾದವರು ದೊಡ್ಡ ಮಾವ. ಮೊನ್ನೆ ರಾತ್ರಿ ಅವರು ನನ್ನ ಹತ್ತಿರ ಬಂದು, "ನನ್ನ ಹತ್ರ ಆಗ್ತಿಲ್ಲೆ ತಮಾ, ನೀನೇ ಎಂತಾದ್ರೂ ಹೇಳು" ಅಂದರು. ನಾನು ಆಯ್ತು ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ನಾನು ಆಫೀಸಿನ ಮೀಟಿಂಗಿನಲ್ಲೂ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುವವನು. ಇಲ್ಲಿ ಆ ಬಟನ್ ಇಲ್ಲ.

ನಿನ್ನೆ ಸಂಜೆ ಕೊಟ್ಟಿಗೆಯಲ್ಲಿ ನಿಂತು ಇದನ್ನು ನಾಲ್ಕು ಸಲ ಜೋರಾಗಿ ಓದಿದೆ. ಮನಸ್ಸಿನಲ್ಲಿ ಓದಿಕೊಂಡರೆ ಎಲ್ಲ ಸರಿಯಾಗೇ ಇರುತ್ತದೆ. ಬಾಯಿಬಿಟ್ಟು ಓದಿದಾಗಲೇ ಎಲ್ಲಿ ಗಂಟಲು ಕಟ್ಟುತ್ತದೆ ಅಂತ ಗೊತ್ತಾಗೋದು. ನಾಲ್ಕು ಸಲವೂ ಒಂದೇ ವಾಕ್ಯದ ಹತ್ತಿರ ನಿಂತೆ. ಅದಕ್ಕೇ ಇದರ ಇನ್ನೊಂದು ಪ್ರತಿ ಚಿಕ್ಕಮ್ಮನ ಮಗಳ ಕೈಯಲ್ಲಿದೆ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ನಾನು ನಿಂತರೆ ಅವಳು ಓದುತ್ತಾಳೆ. ಈಗ ನಾನು ನಿಮ್ಮ ಯಾರ ಮುಖವನ್ನೂ ನೋಡುತ್ತಿಲ್ಲ, ತಪ್ಪು ತಿಳಿಯಬೇಡಿ. ಆ ಚಪ್ಪರದ ಕಂಬ ನೋಡಿಕೊಂಡು ಮಾತಾಡುತ್ತೇನೆ. ಆಯಿಯ ಮುಖ ನೋಡಿದರೆ ಮುಗಿಯಿತು.

(ಇಷ್ಟಕ್ಕೆ ಸ್ವಲ್ಪ ನಗು ಬಂತು. ಕೈ ನಡುಗುವುದು ನಿಂತಿರಲಿಲ್ಲ. ಕಾಗದವನ್ನು ರಟ್ಟಿಗೆ ಸಿಕ್ಕಿಸಿಕೊಂಡಿದ್ದರಿಂದ ಅದರ ಸದ್ದು ಮಾತ್ರ ಕೇಳಿಸಲಿಲ್ಲ.)

ಅಮ್ಮಮ್ಮನ ಬಗ್ಗೆ ದೊಡ್ಡ ಮಾತು ಆಡಲು ನನಗೆ ಬರುವುದಿಲ್ಲ. ಆಡಿದರೆ ಅವಳೇ ಒಳಗಿಂದ "ಸಾಕು, ಎಲೆ ಹಾಕಿ" ಅನ್ನುತ್ತಿದ್ದಳು. ನಾನು ಒಂದೇ ವಿಷಯ ಹೇಳುತ್ತೇನೆ. ಅದು ಅಪ್ಪೆಮಿಡಿ.

ನಿಮಗೆಲ್ಲ ಗೊತ್ತಿರುವುದೇ. ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಸಣ್ಣ ಮಕ್ಕಳೂ ಇಲ್ಲಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಎಲ್ಲ ಮಿಡಿಯೂ ಅಪ್ಪೆ ಅಲ್ಲ. ಅಪ್ಪೆ ಅಂದರೆ ಹೊಳೆಸಾಲಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟಿದ ಕಾಡು ಮಾವು. ಒಂದೊಂದು ಮರಕ್ಕೂ ಒಂದೊಂದು ವಾಸನೆ. ಜೀರಿಗೆ ವಾಸನೆ ಬಂದರೆ ಜೀರಿಗೆ ಮಿಡಿ. ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು. ನಾವು ಸಣ್ಣವರಿದ್ದಾಗ ಅಮ್ಮಮ್ಮ ದೀಪದ ಮುಂದೆ ಮಿಡಿ ಹಿಡಿದು ತೊಟ್ಟು ಮುರಿಯುತ್ತಿದ್ದಳು. ಸೊನೆ ಬೆಂಕಿಗೆ ತಾಗಿ ಚಟಚಟ ಅಂತ ಕಿಡಿ ಹಾರುತ್ತಿತ್ತು. ನಮಗೆ ದೀಪಾವಳಿ. ಅವಳಿಗೆ ಅದು ಪರೀಕ್ಷೆ. ಕಿಡಿ ಸಣ್ಣದಾದರೆ ಆ ಮಿಡಿ ಪಕ್ಕಕ್ಕೆ, ಅಪ್ಪೆಹುಳಿಗೆ. ಭರಣಿಗೆ ಇಲ್ಲ.

ಅಮ್ಮಮ್ಮ ಮದುವೆಯಾಗಿ ಬಂದದ್ದು ಈ ಮನೆಗಲ್ಲ. ಆ ಮನೆ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಇವರು ಮನೆ ಬಿಟ್ಟದ್ದು ಅದಕ್ಕೆ ಒಂದು ವರ್ಷ ಮೊದಲು, ಮಳೆಗಾಲ ಶುರುವಾಗುವ ಮುಂಚೆ. ಮುಳುಗಡೆ ಅನ್ನುವ ಶಬ್ದ ನಮ್ಮ ಕಡೆ ಮನೆಮನೆಯ ಮಾತು, ಅದನ್ನು ನಾನು ವಿವರಿಸುವುದಿಲ್ಲ. ಅಮ್ಮಮ್ಮನಿಗೆ ಆಗ ಇಪ್ಪತ್ತೆರಡು ವರ್ಷ. ದೊಡ್ಡ ಮಾವ ಒಂದು ವರ್ಷದ ಕೂಸು. ಎತ್ತಿನ ಗಾಡಿಯಲ್ಲಿ ಬಾಗಿಲು, ತೊಲೆ, ಪಾತ್ರೆ, ದೇವರ ಪೆಟ್ಟಿಗೆ ಎಲ್ಲ ಹೇರಿದರು. ಅದರ ನಡುವೆ ಹುಲ್ಲು ತುಂಬಿದ ಬುಟ್ಟಿಯಲ್ಲಿ ಒಂದು ಭರಣಿ.

ಮನೆಯ ಕೆಳಗೆ ಹೊಳೆದಂಡೆಯಲ್ಲಿ ಒಂದು ಅಪ್ಪೆ ಮರ ಇತ್ತಂತೆ. ಆ ವರ್ಷವೂ ಅದು ಬಿಟ್ಟಿತ್ತು. ಎಲ್ಲರೂ ಮನೆಯ ಹಂಚು ಇಳಿಸುತ್ತಿದ್ದಾಗ ಅಮ್ಮಮ್ಮ ಮರ ಹತ್ತುವವನನ್ನು ಕರೆಸಿ ಮಿಡಿ ಕೊಯ್ಸಿದಳು. ಅದಕ್ಕೆ ಮುತ್ತಜ್ಜಿ ಸಿಕ್ಕಾಪಟ್ಟೆ ಬೈದಿದ್ದರಂತೆ. ಮನೆಯೇ ಹೋಗುವಾಗ ಇವಳಿಗೆ ಉಪ್ಪಿನಕಾಯಿ ಚಿಂತೆ ಅಂತ.

ನಾನು ಒಂದು ಸಲ ಕೇಳಿದ್ದೆ. ಅಷ್ಟು ಒಳ್ಳೆ ಮರ ಆದರೆ ಗೊರಟು ತಂದು ಇಲ್ಲಿ ಹಾಕಬಹುದಿತ್ತಲ್ಲ ಅಂತ. ಅಮ್ಮಮ್ಮ ನನ್ನನ್ನು ಪಾಪದವನ ಹಾಗೆ ನೋಡಿದಳು. "ಗೊರಟು ಹಾಕಿದ್ರೆ ಮರ ಬತ್ತು. ಅದೇ ಮರ ಬತ್ತಿಲ್ಲೆ ತಮಾ" ಅಂದಳು. ಅವಳು ಹೇಳಿದ್ದು ಸರಿ. ಮಾವಿನ ಬೀಜದಿಂದ ಬಂದ ಗಿಡ ತಾಯಿಯ ಗುಣವನ್ನೇ ತರುತ್ತದೆ ಅನ್ನುವ ಖಾತ್ರಿ ಇಲ್ಲ. ಅದೇ ಮರ ಬೇಕಾದರೆ ಕಸಿ ಕಟ್ಟಬೇಕು. ಈಗ ನಮ್ಮ ಕಡೆ ನರ್ಸರಿಗಳಲ್ಲಿ ಅಪ್ಪೆಯ ಕಸಿ ಗಿಡ ಸಾಲಾಗಿ ಇಟ್ಟಿರುತ್ತಾರೆ. ಆಗ ಈ ಮನೆಯಲ್ಲಿ ಕಾಡು ಮರಕ್ಕೆ ಕಸಿ ಕಟ್ಟುವ ಯೋಚನೆ ಯಾರಿಗೂ ಬಂದಿರಲಿಲ್ಲ. ಹೀಗಾಗಿ ಆ ಮರದ್ದು ಅಂತ ಉಳಿದದ್ದು ಆ ಒಂದು ಭರಣಿ.

ಅದನ್ನು ಅವಳು ದಿನಾ ಬಡಿಸಲಿಲ್ಲ. ಮಸಾಲೆ ಹಾಕದೆ ಬರೀ ಉಪ್ಪುನೀರಿನಲ್ಲೇ ಇಟ್ಟಿದ್ದಳು. ಹಾಗಿಟ್ಟರೆ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ವರ್ಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಮಸಾಲೆ ಕಲಸುತ್ತಿದ್ದಳು. ಕೊನೆಯದನ್ನು ತೆಗೆದದ್ದು ದೊಡ್ಡ ಮಾವನ ಉಪನಯನಕ್ಕೆ. ಅಂದರೆ ಸುಮಾರು ಎಂಟು ವರ್ಷ. ಮುಳುಗಿದ ಮರದ ಮಿಡಿಯನ್ನು ಈ ಅಂಗಳದಲ್ಲೇ ಎಲೆಯ ತುದಿಗೆ ಬಡಿಸಿದ್ದಳು. ಅದನ್ನು ಉಂಡವರು ಇಲ್ಲಿ ಇಬ್ಬರೋ ಮೂವರೋ ಇದ್ದೀರಿ.

(ಹಿಂದಿನ ಸಾಲಿನಿಂದ ಅಜ್ಜನ ತಂಗಿ, ತೊಂಬತ್ತರ ಹತ್ತಿರದವರು, "ಯಾನು ಉಂಡಿದ್ದಿ" ಅಂದರು. ನಾನು ಕಂಬ ಬಿಟ್ಟು ಅವರ ಕಡೆ ನೋಡಿದೆ. ನೋಡಬಾರದಿತ್ತು. ಒಂದು ಲೋಟ ನೀರು ಕುಡಿದೆ.)

ಈಗ ನನ್ನ ವಿಷಯ.

ನಾನು ಇಂಜಿನಿಯರಿಂಗ್ ಸೇರಿದ ವರ್ಷ ಮೊದಲ ಸೆಮಿಸ್ಟರಿನಲ್ಲೇ ನಾಲ್ಕು ವಿಷಯ ಹೋಗಿತ್ತು. ಇದು ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಗ ಆಯಿ ಎಲ್ಲರಿಗೂ "ಅವಂಗೆ ಜ್ವರ" ಅಂತ ಹೇಳಿದ್ದಳು. ಜ್ವರ ಇರಲಿಲ್ಲ. ಹಾಸ್ಟೆಲಿನಿಂದ ಚೀಲ ತಗೊಂಡು ಹೊರಟವನು ಮನೆಗೆ ಹೋಗಲು ಧೈರ್ಯ ಆಗದೆ ಅಜ್ಜನಮನೆಗೆ ಬಂದಿದ್ದೆ. ಶಿವರಾತ್ರಿ ಆಗಿ ಎರಡು ದಿನ. ಅಂಗಳದ ತುಂಬ ಮಿಡಿ ಹರಡಿತ್ತು.

ಅಮ್ಮಮ್ಮ ನನ್ನ ಚೀಲ ನೋಡಿದಳು, ಮುಖ ನೋಡಿದಳು. ಆಸರಿಗೆ ಕೊಟ್ಟಳು. ಆಮೇಲೆ ಕೈಗೆ ಒಂದು ಹಳೆ ಹತ್ತಿ ಪಂಚೆಯ ತುಂಡು ಕೊಟ್ಟು ಮಿಡಿ ಒರೆಸು ಅಂದಳು.

ಮಿಡಿ ಒರೆಸುವ ಕೆಲಸ ನೋಡಲು ಸುಲಭ. ಮರದಿಂದ ಕೊಯ್ಯುವಾಗಲೇ ಜಾಗ್ರತೆ ಬೇಕು. ನೆಲಕ್ಕೆ ಬಿದ್ದ ಮಿಡಿ ಒಳಗೇ ಜಜ್ಜಿರುತ್ತದೆ, ಹೊರಗೆ ಕಾಣುವುದಿಲ್ಲ. ಅಂಥದ್ದು ಒಂದು ಸೇರಿದರೂ ಅದು ಮೆತ್ತಗಾಗಿ ಸುತ್ತಲಿನದನ್ನೂ ಕೆಡಿಸುತ್ತದೆ. ಅದಕ್ಕೇ ಮರದ ಮೇಲಿಂದ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುವುದು. ಗೊರಟು ಬಲಿತಿರಬಾರದು, ಕತ್ತಿ ಇಟ್ಟರೆ ಸಲೀಸಾಗಿ ಎರಡಾಗಬೇಕು. ತೊಟ್ಟು ಬುಡದಲ್ಲೇ ಮುರಿದಿರಬಾರದು. ಮುರಿದರೆ ಸೊನೆ ಸೋರಿ ಹೋಗುತ್ತದೆ, ವಾಸನೆಯೂ ಅದರ ಜೊತೆಗೇ ಹೋಗುತ್ತದೆ. ತೊಳೆದು, ನೆರಳಲ್ಲಿ ಹರಡಿ, ಆಮೇಲೆ ಒಂದೊಂದೇ ಒರೆಸಬೇಕು. ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ, ನೀರು ಅಲ್ಲೇ ಕೂತಿರುವುದು. ಬಟ್ಟೆಯ ಮೂಲೆಯನ್ನು ಹುರಿ ಮಾಡಿ ಅಲ್ಲಿ ತಿರುಗಿಸಬೇಕು. ಮೊದಲ ದಿನ ನಾನು ಒರೆಸಿದ್ದರಲ್ಲಿ ಅರ್ಧವನ್ನು ಅಮ್ಮಮ್ಮ ವಾಪಸ್ಸು ನನ್ನ ಕಡೆಗೇ ತಳ್ಳಿದಳು.

ಎರಡನೇ ದಿನವೋ ಮೂರನೇ ದಿನವೋ, ಒರೆಸುತ್ತಾ ಒರೆಸುತ್ತಾ ನನಗೆ ಅಳು ಬಂತು. ಸುಮ್ನೆ ಬಂತು. ಮಿಡಿಯ ಮೇಲೆ ಬಗ್ಗಿ ಕೂತಿದ್ದೆ. ಅಮ್ಮಮ್ಮ ತಲೆ ಎತ್ತದೆ ಹೇಳಿದಳು: "ಅಳದಾದ್ರೆ ಹೊರಗೆ ಹೋಗಿ ಅತ್ಕಂಡು ಬಾ. ಮಿಡಿಗೆ ನೀರು ತಾಗ್ಸಡ."

ನಾನು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಹತ್ತಿರ ಕೂತು ಅತ್ತೆ. ಎಷ್ಟು ಹೊತ್ತೋ. ವಾಪಸ್ಸು ಬಂದಾಗ ನನ್ನ ಜಾಗದಲ್ಲಿ ಒಂದು ಒಣ ಬಟ್ಟೆ ಮಡಚಿ ಇಟ್ಟಿತ್ತು.

ಆವತ್ತು ನನಗೆ ಅದು ಒರಟು ಅನ್ನಿಸಿತ್ತು. ಸಮಾಧಾನ ಮಾಡಬಹುದಿತ್ತು ಅಲ್ವಾ ಅಂತ. ಈ ಹದಿಮೂರು ದಿನದಲ್ಲಿ ಆಯಿ ನನಗೆ ಇನ್ನೊಂದು ಕಥೆ ಹೇಳಿದಳು. ಅಮ್ಮಮ್ಮನ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಅವಳು ಭರಣಿ ತುಂಬುತ್ತಿದ್ದಳಂತೆ. ಸುದ್ದಿ ತಂದವನಿಗೆ ಕೂರಲು ಹೇಳಿ, ಉಳಿದ ಮಿಡಿ ತುಂಬಿ, ಮೇಲೆ ಉಪ್ಪು ಹಾಕಿ, ಬಟ್ಟೆ ಕಟ್ಟಿ, ಆಮೇಲೆ ಹಿತ್ತಿಲಿಗೆ ಹೋದಳಂತೆ. ಅದೇ ಬಾವಿಕಟ್ಟೆ. ಸೂತಕ ಬಂದಮೇಲೆ ಭರಣಿ ಮುಟ್ಟುವ ಹಾಗಿಲ್ಲ ಅನ್ನುವ ಅವಸರವೂ ಇತ್ತೇನೋ ಅಂತ ಚಿಕ್ಕಮ್ಮ ಹೇಳುತ್ತಾಳೆ. ಇರಬಹುದು. ಅಮ್ಮಮ್ಮ ಲೆಕ್ಕದಲ್ಲಿ ಪಕ್ಕಾ.

ನಾನು ಇಲ್ಲಿದ್ದದ್ದು ನಲವತ್ತು ದಿನ. ಅಷ್ಟರಲ್ಲಿ ಪೂರ್ತಿ ಕೆಲಸ ನೋಡಿದೆ. ಅಮ್ಮಮ್ಮ ಉಪ್ಪನ್ನು ಹಿಡಿಯಲ್ಲಿ ಹಾಕುತ್ತಿದ್ದಳು. ನಾನು ತಕ್ಕಡಿಯಲ್ಲಿ ತೂಗಿ ನೋಡಿದೆ. ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋ ಕಲ್ಲುಪ್ಪು, ಹೆಚ್ಚು ಕಡಿಮೆ ಅಷ್ಟೇ. ಒಂದು ಪದರ ಮಿಡಿ, ಒಂದು ಪದರ ಉಪ್ಪು. ನೀರು ಒಂದು ಹನಿಯೂ ಹಾಕುವುದಿಲ್ಲ. ಉಪ್ಪೇ ಮಿಡಿಯ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಎರಡು ಮೂರು ದಿನಕ್ಕೆ ಭರಣಿಯಲ್ಲಿ ನೀರು ಏಳುತ್ತದೆ. ದಿನಾ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಬೇಕು. ಮೇಲೊಂದು ಕಲ್ಲು ಹೇರಬೇಕು. ತೇಲಿದ ಮಿಡಿಗೇ ಮೊದಲು ಬೂಸ್ಟು ಹಿಡಿಯುವುದು. ಮೂರು ನಾಲ್ಕು ವಾರಕ್ಕೆ ಮಿಡಿ ಮುದುಕಿಯ ಕೈಯ ಹಾಗೆ ಸುಕ್ಕಾಗುತ್ತದೆ. ಸುಕ್ಕಾಗದೆ ಉಬ್ಬಿಕೊಂಡೇ ಇದ್ದರೆ ಉಪ್ಪು ಸಾಲದು. ಒತ್ತಿದರೆ ಗಟ್ಟಿ ಇರಬೇಕು, ಕಚ್ಚಿದರೆ ಸದ್ದು ಬರಬೇಕು.

ಆಮೇಲೆ ಆ ಉಪ್ಪುನೀರನ್ನೇ ಸೋಸಿ, ಕುದಿಸಿ, ಆರಿಸಬೇಕು. ನಾನು ಇಲ್ಲೊಂದು ತಪ್ಪು ಮಾಡಿದೆ. ಬೆಚ್ಚಗಿರುವಾಗಲೇ ಒಂದು ಸಣ್ಣ ಭರಣಿಗೆ ಸುರಿದೆ. ಆ ಭರಣಿಯ ಮಿಡಿ ಎಲ್ಲ ಮೆತ್ತಗಾಯಿತು. ಅಮ್ಮಮ್ಮ ಬೈಯಲಿಲ್ಲ. ಆದರೆ ಆ ವರ್ಷ ಪೂರ್ತಿ ನಾನು ಬಂದಾಗಲೆಲ್ಲ ನನ್ನ ಎಲೆಗೆ ಮಾತ್ರ ಆ ಭರಣಿಯಿಂದ ಬಡಿಸಿದಳು. ಬೇರೆಯವರಿಗೆಲ್ಲ ಒಳ್ಳೆಯದು. ಹೀಗಿತ್ತು ಅವಳ ನ್ಯಾಯ.

(ಇಲ್ಲಿ ಎಲ್ಲರೂ ನಕ್ಕರು. ದೊಡ್ಡ ಮಾವನೂ ನಕ್ಕರು. ಮುಂದಿನ ವಾಕ್ಯವೇ ನಾನು ಕೊಟ್ಟಿಗೆಯಲ್ಲಿ ನಿಂತುಹೋದ ವಾಕ್ಯ. ನಗು ಇರುವಾಗಲೇ ಬೇಗ ಓದಿಬಿಡೋಣ ಅಂತ ಅದನ್ನು ಇಲ್ಲಿ ಇಟ್ಟಿದ್ದೆ. ಆಗಲಿಲ್ಲ. ಬಾಯಿ ತೆರೆದೆ, ಸ್ವರ ಬರಲಿಲ್ಲ. ತಂಗಿ ಎದ್ದು ನಿಂತು ಓದಿದಳು.)

"ಆ ನಲವತ್ತು ದಿನದಲ್ಲಿ ಅಮ್ಮಮ್ಮ ಒಂದು ಸಲವೂ ಯಾಕೆ ಬಂದೆ ಅಂತ ಕೇಳಲಿಲ್ಲ, ಯಾವಾಗ ಹೋಗುತ್ತೀ ಅಂತಲೂ ಕೇಳಲಿಲ್ಲ."

(ಅವಳು ಅಷ್ಟು ಓದಿ ಕೂತಳು. ನಾನು ಕಂಬ ನೋಡಿದೆ. ಮೂಗಿನಿಂದ ಉಸಿರು ಎಳೆದು ನಿಧಾನ ಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಒಳಗೆ ಅಡುಗೆಯವರು ಹಪ್ಪಳ ಕರಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಮುಂದುವರಿಸಿದೆ.)

ಧನ್ಯವಾದ ತಂಗಿ.

ಕೊನೆಗೆ ನಾನೇ ಹೊರಟೆ. ಹೊರಡುವ ದಿನ ಅವಳು ಎರಡು ಬಾಟಲಿ ಕೊಟ್ಟಳು. ಹಾಸ್ಟೆಲಿನಲ್ಲಿ ಒಂದೇ ವಾರಕ್ಕೆ ಖಾಲಿಯಾಯಿತು. ಹೋದ ನಾಲ್ಕು ವಿಷಯ ಪಾಸಾಗಲು ಮಾತ್ರ ಎರಡು ವರ್ಷ ಹಿಡಿಯಿತು. ಈ ಮಾತನ್ನು ನಾನು ಅಮ್ಮಮ್ಮನಿಗೆ ಹೇಳಬೇಕಿತ್ತು, ನೀನು ಅವತ್ತು ಬಟ್ಟೆ ಕೊಟ್ಟದ್ದು ಒಳ್ಳೆಯದಾಯಿತು ಅಂತ. ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಯಾರು ಹಾಗೆಲ್ಲ ಹೇಳುತ್ತಾರೆ? ಹೇಳಿದ್ದರೆ ಅವಳಿಗೂ ಮುಜುಗರ, ನನಗೂ ಮುಜುಗರ. ಅದಕ್ಕೇ ಈಗ ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ. ಅವಳ ಬದಲು ನೀವು ಮುಜುಗರ ಪಡಬೇಕು.

ಅಮ್ಮಮ್ಮ ಎಲ್ಲರಿಗೂ ಒಳ್ಳೆಯವಳಾಗಿದ್ದಳು ಅಂತ ಹೇಳಿದರೆ ಇಲ್ಲಿ ಅರ್ಧ ಜನ ನನ್ನನ್ನು ನಂಬುವುದಿಲ್ಲ. ಎರವಲು ಹೋದ ಒಂದು ಭರಣಿ ಬಿರುಕು ಬಿಟ್ಟು ವಾಪಸ್ಸು ಬಂತು ಅಂತ ಹನ್ನೊಂದು ವರ್ಷ ಒಬ್ಬರ ಹತ್ತಿರ ಮಾತು ಬಿಟ್ಟಿದ್ದಳು. ಅವರೂ ಇಲ್ಲೇ ಕೂತಿದ್ದಾರೆ. ಈ ಹದಿಮೂರು ದಿನದಲ್ಲಿ ಜಾಸ್ತಿ ಕೆಲಸ ಮಾಡಿದವರೂ ಅವರೇ. ಯಾರ ಅಡುಗೆಯನ್ನೂ ಅವಳು ಚೆನ್ನಾಗಿದೆ ಅಂದದ್ದು ನಾನು ಕೇಳಿಲ್ಲ. "ಅಡ್ಡಿಲ್ಲೆ" ಅಂದರೆ ಅದೇ ಪ್ರಶಸ್ತಿ. ನನ್ನ ಹೆಂಡತಿ ಮದುವೆಯಾಗಿ ಆರು ವರ್ಷಕ್ಕೆ ಒಂದು ಅಡ್ಡಿಲ್ಲೆ ಪಡೆದಿದ್ದಾಳೆ, ತಂಬುಳಿಗೆ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಬಿಪಿ ಅಂತ ಡಾಕ್ಟರು ಉಪ್ಪಿನಕಾಯಿ ಪೂರ್ತಿ ಬಿಡಿಸಿದ್ದರು. ದೊಡ್ಡ ಅತ್ತೆ ಭರಣಿಗಳನ್ನು ಅಟ್ಟಕ್ಕೆ ಹಾಕಿಸಿದ್ದರು. ಆದರೂ ಅಮ್ಮಮ್ಮನ ಹಾಸಿಗೆಯ ಹತ್ತಿರ ಮಿಡಿಯ ತೊಟ್ಟು ಸಿಕ್ಕಿತ್ತು, ಮನೆಯಲ್ಲಿ ಗಲಾಟೆ ಆಗಿತ್ತು. ಆ ಗಲಾಟೆಯಲ್ಲಿ ಕೆಲಸಕ್ಕೆ ಬರುವ ಅಕ್ಕನ ಮೇಲೆ ಅನುಮಾನ ಬಂತು. ಅತ್ತೆ, ಅದು ನಾನು. ಮಿಡಿಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದು, ಒಂದು ಚೂರು ಗಂಜಿಯ ಜೊತೆ ಕೊಟ್ಟಿದ್ದೆ. ಅಮ್ಮಮ್ಮ ಅದನ್ನು ಚೀಪಿ, "ತೊಳ್ದು ಕೊಟ್ಯಲ, ಎಂತಕ್ಕೆ ಬಂತು?" ಅಂದಳು. ತೊಳೆದದ್ದಕ್ಕೆ ಬೈದಳು. ಆ ಅಕ್ಕನ ಹತ್ತಿರ ನಾನು ನಿನ್ನೆ ಕ್ಷಮೆ ಕೇಳಿದ್ದೇನೆ. ನಿಮ್ಮ ಹತ್ತಿರ ಈಗ.

(ದೊಡ್ಡ ಅತ್ತೆ ಕಣ್ಣೊರೆಸಿಕೊಳ್ಳುತ್ತಾ "ನಂಗೆ ಗೊತ್ತಿತ್ತು" ಅಂದರು. ಗೊತ್ತಿತ್ತೋ ಇಲ್ಲವೋ.)

ಸಿಗಂದೂರಿನ ಸೇತುವೆ ಕಳೆದ ಜುಲೈಯಲ್ಲಿ, 2025ರಲ್ಲಿ, ತೆರೆಯಿತಲ್ಲ. ಅಮ್ಮಮ್ಮ ಅಷ್ಟು ವರ್ಷ ಲಾಂಚಿನಲ್ಲೇ ದಾಟಿದವಳು. ಸೇತುವೆ ನೋಡಬೇಕು ಅಂದಳು. ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಮಳೆಗಾಲದ ನೀರು ತುಂಬಿತ್ತು. ನಡುವೆ ಬಂದಾಗ ನಿಲ್ಲಿಸು ಅಂದಳು. ಹಿಂದೆ ಸಾಲಾಗಿ ಗಾಡಿಗಳು, ನಿಲ್ಲಿಸುವ ಹಾಗಿರಲಿಲ್ಲ. ಆದಷ್ಟು ನಿಧಾನ ಓಡಿಸಿದೆ. ಅವಳು ಕಿಟಕಿ ಇಳಿಸಿ ದೂರ ನೋಡಿದಳು. ಅವಳ ಹಳೇ ಊರು ಸೇತುವೆಯ ಹತ್ತಿರ ಏನೂ ಅಲ್ಲ, ಇನ್ನೂ ಮೇಲೆ ಎಲ್ಲೋ. ಆದರೆ ನೀರು ಅದೇ ತಾನೇ. ಮನೆ ಎಲ್ಲಿತ್ತು ಅಂತ ಹೇಳುತ್ತಾಳೇನೋ ಅಂತ ಕಾದೆ. "ಮರ ಆ ಬದಿಗಿತ್ತು" ಅಂದಳು. ಅಷ್ಟೇ. ವಾಪಸ್ಸು ಬರುವಾಗ ನಿದ್ದೆ ಮಾಡಿದಳು.

ಮುಗಿಸುತ್ತೇನೆ, ಅಡುಗೆಯವರು ಎರಡು ಸಲ ಬಾಗಿಲಿಗೆ ಬಂದು ಹೋದರು.

ಈ ಶಿವರಾತ್ರಿ ಕಳೆದ ಮೇಲೆ ಅಮ್ಮಮ್ಮ ಕೂತಲ್ಲೇ ಕೂತು ಒಂದು ಭರಣಿ ಮಾಡಿಸಿದ್ದಳು. ಒರೆಸಿದ್ದು ನಾವು, ತಳ್ಳಿದ್ದು ಅವಳು. ಈಗಲೂ ನನ್ನದರಲ್ಲಿ ಕಾಲುಭಾಗ ವಾಪಸ್ಸು ಬಂತು. ಸೂತಕ ಅಂತ ಹದಿಮೂರು ದಿನ ಅದನ್ನು ಯಾರೂ ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ದೊಡ್ಡ ಅತ್ತೆ ಬಟ್ಟೆ ಬಿಚ್ಚಿ ನೋಡಿದರು. ಬೂಸ್ಟು ಇಲ್ಲ. ಇವತ್ತಿನ ಎಲೆಗೆ ಅದನ್ನೇ ಬಡಿಸುತ್ತಾರೆ. ಎಲ್ಲರಿಗೂ ಒಂದೊಂದೇ ಬರುತ್ತದೆ, ಎರಡನೆಯದು ಕೇಳಬೇಡಿ.

ಬಡಿಸಲು ಹೋಗುವ ಹುಡುಗರಿಗೆ ಒಂದು ಮಾತು. ಕೈ ತೊಳೆದ ಮೇಲೆ ಒರೆಸಿಕೊಳ್ಳಿ. ಸೌಟು ಒಣಗಿದ್ದೇ ಇರಲಿ. ಭರಣಿಯಲ್ಲಿ ಇನ್ನೂ ಅರ್ಧ ಉಳಿಯುತ್ತದೆ.